ಧೂಳಿನ ಬಣ್ಣದ ಗಾಡಿ

ಕಾರು ಕೊಳ್ಳುವ ಮಾತು ಬಂದಾಗ ಎಂಜಿನ್ನು, ಮೈಲೇಜು, ಕಂತು ಇವೆಲ್ಲವನ್ನೂ ಮನೆಯವರು ನನಗೇ ಬಿಟ್ಟುಬಿಟ್ಟರು. ಬಣ್ಣದ ಪ್ರಶ್ನೆ ಎದ್ದ ಕೂಡಲೇ ಎಲ್ಲರೂ ಪಂಡಿತರಾದರು. ಮಗನಿಗೆ ಕಪ್ಪೇ ಬೇಕು, ಅದರ ಗತ್ತೇ ಬೇರೆಯಂತೆ. ಹೆಂಡತಿ ಬಿಳಿ ಎಂದಳು, ತಂಪಾಗಿರುತ್ತದೆ ಎಂದು. ಭಾವ ಮಾತ್ರ ಎರಡೂ ಕಡೆಯವರನ್ನು ಸಮಾಧಾನ ಮಾಡುವವರಂತೆ, "ಕಡು ಬೂದು ತಗೊಳ್ಳಿ, ಕಪ್ಪಿನಷ್ಟು ಸುಡಲ್ಲ, ಬಿಳಿಯಷ್ಟು ಕೊಳೆಯಾಗಲ್ಲ" ಎಂದರು. ಕೇಳುವುದಕ್ಕೆ ನ್ಯಾಯವಾಗಿತ್ತು. ಪೂರಾ ತಪ್ಪು ಎಂದು ಗೊತ್ತಾಗಲು ಒಂದು ಭಾನುವಾರ ಬೇಕಾಯಿತು.

ಶೋರೂಮಿನಲ್ಲಿ ಕೊಡುವ ಬಣ್ಣದ ಕಾರ್ಡಿನ ಮೇಲೆ ಧೂಳೂ ಇರುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ಆದ್ದರಿಂದ ನಾನೇ ಪರೀಕ್ಷೆಗೆ ಇಳಿದೆ. ಒಂದೇ ಅಳತೆಯ ನಾಲ್ಕು ಡಬ್ಬಿಗಳ ಮುಚ್ಚಳಗಳಿಗೆ ಸ್ಪ್ರೇ ಡಬ್ಬಿಯಿಂದ ಬಿಳಿ, ಸಿಲ್ವರ್, ಕಡು ಬೂದು, ಕಪ್ಪು ಬಳಿದು ಒಣಗಿಸಿದೆ. ನಾಲ್ಕೂ ಒಂದೇ ತಗಡಿನವು ಎಂಬುದು ಮುಖ್ಯ. ಒಂದು ತಗಡು, ಇನ್ನೊಂದು ಪ್ಲಾಸ್ಟಿಕ್ ಆದರೆ ಬೆರಳು ಮೋಸ ಹೋಗುತ್ತದೆ. ಅಷ್ಟೇ ಬಿಸಿಯಾದರೂ ತಗಡು ಹೆಚ್ಚು ಸುಟ್ಟಂತೆ ಅನಿಸುತ್ತದೆ, ಏಕೆಂದರೆ ಅದು ಶಾಖವನ್ನು ಬೆರಳಿಗೆ ಬೇಗ ದಾಟಿಸುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ತಾರಸಿಯ ಮೇಲಿಟ್ಟು, ಒಂದೊಂದನ್ನೇ ಮುಟ್ಟಿ ಎಣಿಸಿದೆ. ಬಿಳಿಯ ಮೇಲೆ ಎಣಿಸುತ್ತ ಎಣಿಸುತ್ತ ಬೇಸರ ಬಂತು. ಸಿಲ್ವರ್ ಮೇಲೆ ಬೆರಳು ನಿಂತಿತು, ಖುಷಿಯಿಂದಲ್ಲ. ಕಪ್ಪಿನ ಮೇಲೆ ಎರಡು ಎಣಿಸುವಷ್ಟರಲ್ಲಿ ಕೈ ಹಿಂದಕ್ಕೆ ಬಂತು. ಕಡು ಬೂದಿನ ಮೇಲೆ? ಮೂರು. ಭಾವನ ನಡುದಾರಿ ಹೆಚ್ಚುಕಮ್ಮಿ ಕಪ್ಪಿನ ಮನೆಗೇ ಹೋಗಿ ನಿಂತಿತ್ತು.

ಇದರಲ್ಲಿ ಮಾಯವೇನಿಲ್ಲ. ಬಿಸಿಲಿನ ಶಾಖದಲ್ಲಿ ಸುಮಾರು ಅರ್ಧ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಕಪ್ಪು ಪೇಂಟಿಗೆ ಸಾಮಾನ್ಯವಾಗಿ ಸೇರಿಸುವ ಮಸಿ ಕಾಣುವ ಬೆಳಕನ್ನೂ ಕಾಣದ ಕಿರಣವನ್ನೂ ಭೇದವಿಲ್ಲದೆ ನುಂಗುತ್ತದೆ. ಕಡು ಬೂದಿನಲ್ಲೂ ಅದೇ ಮಸಿ, ಸ್ವಲ್ಪ ಕಡಿಮೆ, ಅಷ್ಟೆ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಎರಡು ಕಾರುಗಳನ್ನು, ಒಂದು ಕಪ್ಪು ಒಂದು ಸಿಲ್ವರ್, ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಅಳೆದು 2011ರಲ್ಲಿ ಪ್ರಕಟಿಸಿದರು. ಕಪ್ಪು ಚಾವಣಿ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 5ರಷ್ಟನ್ನು ಮಾತ್ರ ತಿರುಗಿಸಿ ಕಳಿಸುತ್ತಿತ್ತು, ಸಿಲ್ವರ್ 58ರಷ್ಟನ್ನು. ಎರಡು ಚಾವಣಿಗಳ ನಡುವೆ 25 ಡಿಗ್ರಿ ಸೆಲ್ಸಿಯಸ್‌ವರೆಗೂ ವ್ಯತ್ಯಾಸ ಕಂಡಿತು. ಒಳಗಿನ ಗಾಳಿಯಲ್ಲಿ ಮಾತ್ರ ಐದಾರು ಡಿಗ್ರಿ. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದರೆ, ಕಾರಿನ ಮೈಗೆ ಬಣ್ಣ ಬಳಿಯಬಹುದು, ಗಾಜಿಗೆ ಬಳಿಯಲಾಗುವುದಿಲ್ಲ. ಗಾಜಿನಿಂದ ಒಳನುಗ್ಗುವ ಬಿಸಿಲಿಗೆ ಹೊರಗಿನ ಬಣ್ಣದ ಹಂಗಿಲ್ಲ. ಅದು ನೇರ ಕಪ್ಪು ಡ್ಯಾಶ್‌ಬೋರ್ಡಿನ ಮೇಲೆ ಕುಳಿತು ಕಾಯುತ್ತದೆ. ಬಿಳಿ ಕಾರು ಕೊಂಡೂ ಒಳಗೆ ಒಲೆಯಂತಿದೆ ಎಂದು ಗೊಣಗುವವರು ಒಂದು ಅಗ್ಗದ ಸನ್‌ಶೇಡ್ ಇಟ್ಟು ನೋಡಬೇಕು.

ಇನ್ನು ಧೂಳು. ನಮ್ಮ ಗಾಡಿ ನಿಲ್ಲುವ ಜಾಗದ ಗೋಡೆಯಂಚಿನಿಂದಲೇ ಒಂದು ಹಿಡಿ ಧೂಳು ತಂದು ಟೀ ಸೋಸುವ ಜಾಲರಿಯಲ್ಲಿ ನಾಲ್ಕೂ ಮುಚ್ಚಳಗಳ ಮೇಲೆ ತೆಳ್ಳಗೆ ಉದುರಿಸಿದೆ. (ಆ ಜಾಲರಿಯ ವಿಚಾರ ಮನೆಯಲ್ಲಿ ಇನ್ನೂ ಮುಗಿದಿಲ್ಲ.) ಹತ್ತು ಹೆಜ್ಜೆ ದೂರ ನಿಂತು ನೋಡಿದೆ. ಹೊಳೆಯುವ ಕಪ್ಪು ಎಂದರೆ ಕನ್ನಡಿಯಿದ್ದಂತೆ. ತನ್ನ ಮೇಲೆ ಬಿದ್ದ ಆಕಾಶವನ್ನು ಒಂದೇ ದಿಕ್ಕಿಗೆ ಕಳಿಸುತ್ತದೆ. ಧೂಳಿನ ಕಣ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಹೀಗಾಗಿ ಕಪ್ಪಿನ ಮೇಲೆ ಒಂದೊಂದು ಕಣವೂ ಪುಟ್ಟ ದೀಪವಾಗಿತ್ತು. ಕಡು ಬೂದಿನದೂ ಅದೇ ಪಾಡು. ಬಿಳಿ ಮಂಕಾಗಿತ್ತು, ಆದರೆ ಕೊಳೆ ಅನಿಸುತ್ತಿರಲಿಲ್ಲ. ಸಿಲ್ವರ್ ಮುಚ್ಚಳವನ್ನು ನೋಡಿ, ಇದಕ್ಕೆ ಉದುರಿಸಲು ಮರೆತೆನೇ ಎಂದು ಹತ್ತಿರ ಹೋಗಿ ಬೆರಳಾಡಿಸಿದೆ. ಇತ್ತು. ಸಿಲ್ವರ್ ಪೇಂಟಿನೊಳಗೆ ಅಲ್ಯೂಮಿನಿಯಮ್ಮಿನ ಸಣ್ಣ ಚೂರುಗಳಿರುತ್ತವೆ. ನೋಡುವ ಕೋನ ಬದಲಾದಂತೆ ಅದರ ಹೊಳಪೂ ಬದಲಾಗುತ್ತದೆ. ತಾನೇ ಒಂದು ಕಡೆ ಬೆಳ್ಳಗೆ, ಒಂದು ಕಡೆ ಮಬ್ಬಾಗಿರುವ ಮೈಯಲ್ಲಿ ಧೂಳಿಗೆ ಅಡಗಲು ಜಾಗ ಸಾಕಷ್ಟು.

ಆದರೆ ನನ್ನ ಧೂಳು ಬೂದುಬಣ್ಣದ್ದು. ಕೆಮ್ಮಣ್ಣಿನ ದಾರಿಯಲ್ಲಿ ಓಡಾಡುವವರಿಗೆ ಸಿಲ್ವರ್ ಇಷ್ಟು ನಿಷ್ಠೆ ತೋರುವುದಿಲ್ಲ. ಅಲ್ಲಿ ಗೋಧಿಬಣ್ಣದ ಛಾಯೆಗಳು, ಷಾಂಪೇನ್ ಎಂದು ಕಂಪನಿಯವರು ಕರೆಯುವಂಥವು, ಮಾನ ಕಾಯುತ್ತವೆ. ಧೂಳಿನ ಬಣ್ಣ ನೋಡಿ ಗಾಡಿಯ ಬಣ್ಣ ಆರಿಸಬೇಕು, ಕಾರ್ಡು ನೋಡಿ ಅಲ್ಲ.

ಕೊನೆಗೆ ನಾಲ್ಕರ ಮೇಲೂ ನೀರು ಚಿಮುಕಿಸಿ ಒಣಗಲು ಬಿಟ್ಟೆ, ತುಂತುರು ಮಳೆಯ ಲೆಕ್ಕಕ್ಕೆ. ಬಿಳಿಯ ಬಣ್ಣ ಬಯಲಾದದ್ದು ಇಲ್ಲಿ. ಒಣ ಧೂಳಿಗೆ ಜಗ್ಗದ ಬಿಳಿಯ ಮೇಲೆ ಪ್ರತಿ ಹನಿಯೂ ಒಂದೊಂದು ಕಂದು ಉಂಗುರ ಬಿಟ್ಟುಹೋಗಿತ್ತು. ಬಿಳಿ ಕಾರುಗಳ ಚಕ್ರದ ಹಿಂಭಾಗ, ಕಿಟಕಿಯಂಚಿನಿಂದ ಇಳಿದ ಗೆರೆಗಳು ಏಕೆ ಅಷ್ಟು ಎದ್ದು ಕಾಣುತ್ತವೆ ಎಂಬುದಕ್ಕೆ ಉತ್ತರ ಅಲ್ಲಿತ್ತು. ಕಪ್ಪಿನ ಮೇಲೆ ಉಂಗುರಗಳು ಬೆಳ್ಳಗಿದ್ದವು. ಅದನ್ನು ಒಣಬಟ್ಟೆಯಲ್ಲಿ ಒರೆಸಿದಾಗ ಇನ್ನೊಂದು ವಿದ್ಯೆ ಕಲಿತೆ: ಧೂಳು ಎಂದರೆ ಪುಡಿ ಮರಳು. ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂಥ ಗೀರುಗಳು. ಗೀರು ಎಲ್ಲ ಬಣ್ಣದ ಮೇಲೂ ಬೀಳುತ್ತದೆ, ಕಪ್ಪು ಮಾತ್ರ ಮುಚ್ಚಿಡುವುದಿಲ್ಲ. ಮೊದಲು ನೀರು ಹಾಯಿಸಿ ಧೂಳನ್ನು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಬೇಕು.

ಮಗ ಸುಲಭಕ್ಕೆ ಸೋಲುವವನಲ್ಲ. "ಅಪ್ಪ, ಕಪ್ಪು ಕಾರನ್ನ ತೊಳೀದೇ ಬಿಟ್ರೆ ಧೂಳು ಕೂತು ಬೆಳ್ಳಗಾಗುತ್ತಲ್ಲ, ಆಗ ತಂಪಾಗಲ್ವಾ?" ಎಂದ. ತರ್ಕ ಸರಿಯಾಗಿಯೇ ಇದೆ. ತಿಳಿ ಧೂಳು ಕಪ್ಪನ್ನು ತುಸು ತಂಪು ಮಾಡುತ್ತದೆ, ಅದೇ ಧೂಳು ಬಿಳಿಯನ್ನು ತುಸು ಬಿಸಿ ಮಾಡುತ್ತದೆ. ಆದರೆ ತೊಳೆಯದೆ ಇಡುವುದಕ್ಕಾಗಿ ಗತ್ತಿನ ಬಣ್ಣ ಕೊಳ್ಳುವುದು ಹೇಗೆ ಎಂದು ಕೇಳಿದೆ. ಸುಮ್ಮನಾದ.

ಅವನ ಸ್ಕೂಟರಿನ ಸರದಿ ಬಂದಾಗ ನನ್ನ ಮುಚ್ಚಳಗಳ ಪಾಂಡಿತ್ಯ ಅರ್ಧಕ್ಕರ್ಧ ಕರಗಿತು. ಕಾರಿನ ಚಾವಣಿಯ ಕೆಳಗೆ ಕೂರುತ್ತೇವೆ, ಸ್ಕೂಟರಿನಲ್ಲಿ ಕೂರುವುದು ಸೀಟಿನ ಮೇಲೆ. ಬಾಡಿ ಹಾಲಿನಂತಿದ್ದರೂ ಸೀಟು ಸಾಮಾನ್ಯವಾಗಿ ಕಪ್ಪು ರೆಕ್ಸಿನ್, ಹಿಡಿಗಳು ಕಪ್ಪು ರಬ್ಬರು. ನಿಲ್ಲಿಸಿದ ಗಾಡಿಯ ಶಾಖವನ್ನು ಸವಾರ ಎದುರುಗೊಳ್ಳುವುದು ಇವೆರಡರಲ್ಲಿ. ಬಾಡಿಯ ಬಣ್ಣಕ್ಕೆ ಅಲ್ಲಿ ಮಾತಿಲ್ಲ. ತಿಳಿಬಣ್ಣದ ಸೀಟುಕವರೋ, ಹಾಸಿದ ಒಂದು ಟವೆಲ್ಲೋ ಬಾಡಿಯ ಬಿಳಿಗಿಂತ ಹೆಚ್ಚು ಉಪಕಾರಿ. ಧೂಳಿನ ವಿಚಾರಕ್ಕೆ ನೋಡಬೇಕಾದದ್ದು ಪೇಂಟ್ ಹೊಡೆಯದ ಕಪ್ಪು ಪ್ಲಾಸ್ಟಿಕ್ ಎಷ್ಟಿದೆ ಎಂದು. ಕಾಲಿಡುವ ಜಾಗ, ಮೊಣಕಾಲಿನ ಮುಂದಿನ ಹಲಗೆ, ಮಡ್‌ಗಾರ್ಡು. ಅವುಗಳ ಒರಟು ಮೈಯಲ್ಲಿ ಸೇರಿಕೊಂಡ ಧೂಳು ಒರೆಸಿದರೆ ಹೋಗುವುದಿಲ್ಲ, ಬಿಸಿಲಿಗೆ ಆ ಪ್ಲಾಸ್ಟಿಕ್ಕೇ ಕ್ರಮೇಣ ನರೆಯುತ್ತದೆ. ಮಗ ಮ್ಯಾಟ್ ಕಪ್ಪನ್ನೇ ತಂದ. ಸೀಟಿನ ಮೇಲೆ ಟವೆಲ್ ಹಾಸುವುದು ನನ್ನ ಪಾಲಿನ ಕೆಲಸ.

ಕಾರು ಸಿಲ್ವರೇ ಬಂತು. ಪಕ್ಕದ ಮನೆಯ ಹುಡುಗನಿಗೆ ನಿಂತ ಗಾಡಿಗಳ ಧೂಳಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವ ಚಾಳಿ. ಮೊನ್ನೆ ನಮ್ಮ ಕಾರಿನ ಡಿಕ್ಕಿಯ ಮೇಲೆ ಕಷ್ಟಪಟ್ಟು ಬರೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ತಾನೇ ಬರೆದದ್ದು ಅವನಿಗೇ ಕಾಣಲಿಲ್ಲ. ನನ್ನತ್ತ ಒಮ್ಮೆ ಬೇಸರದಿಂದ ನೋಡಿ, ಭಾವನ ಕಡು ಬೂದು ಕಾರಿನತ್ತ ನಡೆದ.