ಬೋನ್ ಸ್ಕ್ಯಾನ್‌ನ ಕಪ್ಪು ಚುಕ್ಕೆ: ಸತ್ಯಾಂಶ

"ಬೋನ್ ಸ್ಕ್ಯಾನ್‌ನಲ್ಲಿ ಚುಕ್ಕೆ ಕಂಡರೆ ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದೇ ಅರ್ಥ ಎಂಬ ಸಂದೇಶ ಫೋನಿಗೆ ಬಂದಿದೆ, ನಿಜವೇ?"

ಅಲ್ಲ. ಈ ಸ್ಕ್ಯಾನ್‌ಗೆ ಕ್ಯಾನ್ಸರ್ ಕಣಗಳು ಕಾಣುವುದೇ ಇಲ್ಲ. ರಕ್ತನಾಳಕ್ಕೆ ಕೊಡುವ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಬೆರೆತ ಔಷಧವು ಹೊಸ ಮೂಳೆ ಕಟ್ಟುತ್ತಿರುವ ಕಡೆ ಹೆಚ್ಚು ಸೇರುತ್ತದೆ. ಎರಡು–ಮೂರು ಗಂಟೆಗಳ ಬಳಿಕ ತೆಗೆದ ಚಿತ್ರದಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಗಡ್ಡೆಯ ಸುತ್ತ ಮೂಳೆ ಹೀಗೆ ಬೆಳೆಯುತ್ತದೆ ನಿಜ. ಕೂಡಿಕೊಳ್ಳುತ್ತಿರುವ ಮುರಿತ, ಸವೆದ ಮಂಡಿ, ಮೂಳೆಯ ಸೋಂಕಿನಲ್ಲೂ ಬೆಳೆಯುತ್ತದೆ.

ಒಂದು ಉದಾಹರಣೆ ನೋಡೋಣ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಮಹಿಳೆಯ ಮೂರು ಅಕ್ಕಪಕ್ಕದ ಪಕ್ಕೆಲುಬುಗಳಲ್ಲಿ, ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಚುಕ್ಕೆಗಳಿವೆ ಎಂದುಕೊಳ್ಳಿ. ಎರಡು ತಿಂಗಳ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಇಂಥ ಸಾಲು ಸಾಮಾನ್ಯವಾಗಿ ಪೆಟ್ಟಿನ ಗುರುತು. ಹರಡಿದ ಕ್ಯಾನ್ಸರ್‌ನ ಚುಕ್ಕೆಗಳು ಹೆಚ್ಚಾಗಿ ಚೆದುರಿರುತ್ತವೆ, ಪಕ್ಕೆಲುಬಿನ ಉದ್ದಕ್ಕೂ ಚಾಚಿರುತ್ತವೆ. ಸಿ.ಟಿ.ಯಲ್ಲಿ ಕೂಡುತ್ತಿರುವ ಬಿರುಕು ಕಂಡರೆ ಕಾರಣ ಬಹುಮಟ್ಟಿಗೆ ಸ್ಪಷ್ಟ. ಬೆನ್ನುಮೂಳೆಯ ಒಂಟಿ ಚುಕ್ಕೆ ಇಷ್ಟು ಸುಲಭವಲ್ಲ, ಅದಕ್ಕೆ ಎಂ.ಆರ್.ಐ., ಕೆಲವೊಮ್ಮೆ ಬಯಾಪ್ಸಿಯೂ ಬೇಕು.

ಸಂದೇಶ ಕಳುಹಿಸುವವರದು ಹೆಚ್ಚಾಗಿ ಕಾಳಜಿಯೇ, ನನಗೆ ಅದು ಅರ್ಥವಾಗುತ್ತದೆ. ಆದರೆ ಚುಕ್ಕೆ ಎಲ್ಲಿದೆ, ಯಾವ ಆಕಾರದ್ದು, ಹಿಂದಿನ ಸ್ಕ್ಯಾನ್‌ನಲ್ಲಿ ಇತ್ತೇ ಎಂಬುದನ್ನು ಆ ಸಂದೇಶ ಕೇಳುತ್ತದೆಯೇ ನೋಡಿ. ನಿಮ್ಮ ವರದಿಯ ಕೊನೆಯ ಅಭಿಪ್ರಾಯವನ್ನೂ ಓದಿ: "ಹೆಚ್ಚಿದ ಹೀರುವಿಕೆ" ಎಂಬುದು ಕಂಡದ್ದರ ವರ್ಣನೆ, ರೋಗದ ಹೆಸರಲ್ಲ. ಹಳೆಯ ಪೆಟ್ಟು, ಬಿದ್ದದ್ದು, ಮೂಳೆಯ ಶಸ್ತ್ರಚಿಕಿತ್ಸೆ ಎಲ್ಲವನ್ನೂ ವೈದ್ಯರಿಗೆ ತಿಳಿಸಿ, ಮುಂದಿನ ಪರೀಕ್ಷೆ ಹೇಳಿದರೆ ತಪ್ಪದೆ ಮಾಡಿಸಿ.