ಟರ್ನೋವರ್ ವೆಚ್ಚ: ಫಾರ್ವರ್ಡ್ ಸಂದೇಶಕ್ಕೆ ಸ್ಪಷ್ಟನೆ

ಮ್ಯೂಚುವಲ್ ಫಂಡ್ ಬಗ್ಗೆ ಹೀಗೊಂದು ಸಂದೇಶ ಫಾರ್ವರ್ಡ್ ಆಗುತ್ತಿದೆ: “ಫಂಡಿನ ಎಕ್ಸ್‌ಪೆನ್ಸ್ ರೇಶಿಯೊ 0.6% ಅಂದ್ರೆ ಒಟ್ಟು ಖರ್ಚು ಅಷ್ಟೇ. ಟರ್ನೋವರ್ ನೋಡೋದೇ ಬೇಡ.”

ಇದು ತಪ್ಪು. ಎಕ್ಸ್‌ಪೆನ್ಸ್ ರೇಶಿಯೊ ಎಂದರೆ ಫಂಡ್ ನಡೆಸಲು ವರ್ಷಕ್ಕೆ ಆಸ್ತಿಯ ಎಷ್ಟು ಭಾಗ ಖರ್ಚಾಗುತ್ತದೆ ಎಂಬುದು. ಟರ್ನೋವರ್ ಎಂದರೆ ಫಂಡ್ ತನ್ನಲ್ಲಿರುವ ಷೇರುಗಳನ್ನು ವರ್ಷದಲ್ಲಿ ಎಷ್ಟು ಬದಲಾಯಿಸಿತು ಎಂಬ ಅಳತೆ. ಫಂಡ್ ಷೇರು ಕೊಂಡಾಗ, ಮಾರಿದಾಗ ಕಟ್ಟುವ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ನೇರವಾಗಿ ಫಂಡಿನ ಯೂನಿಟ್ ಮೌಲ್ಯವಾದ ಎನ್‌ಎವಿಯಿಂದ ಹೋಗುತ್ತದೆ, ಆ 0.6%ರಲ್ಲಿ ಕಾಣುವುದಿಲ್ಲ.

ಒಂದು ಲೆಕ್ಕ ನೋಡಿ. ಈಕ್ವಿಟಿ ಫಂಡಿನ ಸರಾಸರಿ ಆಸ್ತಿ 1,000 ಕೋಟಿ, ವರ್ಷದ ಖರೀದಿ 1,500 ಕೋಟಿ, ಮಾರಾಟ 1,200 ಕೋಟಿ ಎಂದಿಟ್ಟುಕೊಳ್ಳಿ. ಎರಡರಲ್ಲಿ ಚಿಕ್ಕದನ್ನು ಆಸ್ತಿಯಿಂದ ಭಾಗಿಸಿದರೆ ಟರ್ನೋವರ್ 120%. ಹೊಸ ಹೂಡಿಕೆದಾರರ ದುಡ್ಡಿನಿಂದ ಕೊಂಡದ್ದು ಈ ಅಂಕಿಯನ್ನು ಉಬ್ಬಿಸಬಾರದೆಂದೇ ಚಿಕ್ಕದನ್ನು ಹಿಡಿಯುವುದು. ಷೇರುಗಳನ್ನು ನಿಜವಾಗಿ ಪಡೆದು ಕೊಡುವ ಡೆಲಿವರಿ ವಹಿವಾಟಿಗೆ ಎರಡೂ ಕಡೆ 0.1% ಎಸ್‌ಟಿಟಿ, ಅಂದರೆ 2,700 ಕೋಟಿಗೆ 2.7 ಕೋಟಿ. ಆಸ್ತಿಯ 0.27% ಅಲ್ಲೇ ಹೋಯಿತು.

ಯಾವ ಪಟ್ಟಿಯಲ್ಲೂ ಸಿಗದ್ದು ಇಂಪ್ಯಾಕ್ಟ್ ಕಾಸ್ಟ್. 500 ರೂಪಾಯಿಯ ಷೇರಿಗೆ ದೊಡ್ಡ ಆರ್ಡರ್ ಹಾಕಿದಾಗ ಬೆಲೆ ಏರಿ ಸರಾಸರಿ 501.50ಕ್ಕೆ ಸಿಕ್ಕರೆ 0.3% ನಷ್ಟ. ಸ್ಮಾಲ್‌ಕ್ಯಾಪ್‌ಗಳಲ್ಲಿ ಕೊಳ್ಳುವವರು, ಮಾರುವವರು ಕಡಿಮೆ. ಹಾಗಾಗಿ ಟರ್ನೋವರ್ ತಗ್ಗಿದ್ದರೂ ಈ ಪೆಟ್ಟು ಜೋರು.

ಪ್ರಕಟವಾಗುವ ರಿಟರ್ನ್ ಈ ಖರ್ಚುಗಳನ್ನೆಲ್ಲ ಕಳೆದ ನಂತರದ್ದು, ಮತ್ತೆ ಕಳೆಯಬೇಡಿ. ಫ್ಯಾಕ್ಟ್‌ಶೀಟ್‌ನಲ್ಲಿರುವ ಟರ್ನೋವರನ್ನು ಅದೇ ವರ್ಗದ ಫಂಡ್‌ಗಳ ಜೊತೆ ಮಾತ್ರ ಹೋಲಿಸಿ. ಬೆಲೆ ವ್ಯತ್ಯಾಸದ ಲಾಭಕ್ಕಾಗಿ ಸದಾ ಕೊಂಡು ಮಾರುವ ಆರ್ಬಿಟ್ರೇಜ್ ಫಂಡ್‌ಗೆ ಅದು ಸಹಜವಾಗಿಯೇ ಹೆಚ್ಚು.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ.