ಗುಣಿಸಿದರೆ ತಾಳೆಯಾಗದಿದ್ದರೆ ಭಾಗಿಸಿ ನೋಡಿ

ಕಳೆದ ಭಾನುವಾರ ಬಸವನಗುಡಿಯಲ್ಲಿ ಅಪ್ಪನ ಮನೆಗೆ ಹೋದಾಗ ಅವರು ಕನ್ನಡಕ ಹಾಕಿಕೊಂಡು ಮ್ಯೂಚುವಲ್ ಫಂಡ್ ವಿವರಪಟ್ಟಿಯೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ವಿತರಕರ ಕಚೇರಿ ಕಳುಹಿಸಿದ ಒಂದು ಪುಟದ ಪಟ್ಟಿ. ಯೂನಿಟ್‌ಗಳು 1,284.642, ಎನ್‌ಎವಿ ಅಂದರೆ ಒಂದು ಯೂನಿಟ್‌ನ ಬೆಲೆ 86.4213, ಹೂಡಿಕೆಯ ಮೌಲ್ಯ 1,19,673.14 ರೂಪಾಯಿ. ‘ಇದರಲ್ಲಿ 1,15,000 ತೆಗೆದು ಮನೆಯ ಮೇಲ್ಛಾವಣಿ ರಿಪೇರಿ ಮಾಡಿಸುತ್ತೇನಪ್ಪ’ ಎಂದರು.

ಯೂನಿಟ್‌ಗಳನ್ನು ಎನ್‌ಎವಿಯಿಂದ ಗುಣಿಸಿದೆ. ಬಂದದ್ದು 1,11,020.43. ಪಟ್ಟಿಯಲ್ಲಿ 8,652.71 ರೂಪಾಯಿ ಹೆಚ್ಚಿಗೆ ಇದೆ!

ಸಣ್ಣ ವ್ಯತ್ಯಾಸವಾಗಿದ್ದರೆ ನಾನು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಕೆಲವು ಪಟ್ಟಿಗಳಲ್ಲಿ ಎನ್‌ಎವಿಯನ್ನು ದಶಮಾಂಶದ ನಂತರ ಎರಡೇ ಅಂಕಿಗೆ ಮುದ್ರಿಸುತ್ತಾರೆ. ಇಲ್ಲಿ 86.42 ಎಂದಿದ್ದರೆ ಗುಣಲಬ್ಧ 1 ರೂಪಾಯಿ 67 ಪೈಸೆ ಕಡಿಮೆಯಾಗುತ್ತಿತ್ತು, ಅಷ್ಟೇ. ಸಾವಿರಾರು ರೂಪಾಯಿಯ ಅಂತರ ಅಂಕಿ ಮೊಟಕುಗೊಳಿಸಿದ್ದರಿಂದ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಕ್ಯಾಲ್ಕುಲೇಟರ್ ಕೆಳಗಿಡಬೇಡಿ. ಮೌಲ್ಯವನ್ನು ಯೂನಿಟ್‌ಗಳಿಂದ ಭಾಗಿಸಿ. ನನಗೆ 93.1568 ಬಂತು. ಅಂದರೆ ಮೌಲ್ಯದ ಲೆಕ್ಕ ಹಾಕುವಾಗ ಬಳಸಿದ ಎನ್‌ಎವಿ ಇದು. ಮೊದಲು ದಿನಾಂಕದ ಮೇಲೆ ಅನುಮಾನ ಬಂತು. ತಿಂಗಳ ಕೊನೆಯ ದಿನ ರಜೆಯಾದರೆ ಅದರ ಹಿಂದಿನ ವ್ಯವಹಾರದ ದಿನದ ಎನ್‌ಎವಿ ಹಿಡಿಯುತ್ತಾರೆ. ಆದರೆ ಒಂದೆರಡು ದಿನದಲ್ಲಿ ಶೇಕಡಾ 8ರಷ್ಟು ಏರುಪೇರು ಆ ವಾರ ಆಗಿರಲಿಲ್ಲ. ಮ್ಯೂಚುವಲ್ ಫಂಡ್ ಸಂಸ್ಥೆಗಳ ಒಕ್ಕೂಟವಾದ ಎಎಂಎಫ್‌ಐನ ಜಾಲತಾಣದಲ್ಲಿ ಆ ದಿನದ ಎನ್‌ಎವಿ ಪಟ್ಟಿ ತೆಗೆದು ಅದೇ ಯೋಜನೆಯ ಸಾಲುಗಳನ್ನು ನೋಡಿದೆ. 93.1568 ಅಲ್ಲೇ ಇತ್ತು, ಡೈರೆಕ್ಟ್ ಪ್ಲಾನ್‌ನ ಎದುರಿಗೆ.

ಅಪ್ಪನದು ವಿತರಕರ ಮೂಲಕ ಕೊಂಡ ರೆಗ್ಯುಲರ್ ಪ್ಲಾನ್. 2013ರ ಜನವರಿಯಿಂದ ಒಂದೇ ಯೋಜನೆಗೆ ಈ ಎರಡೂ ಇವೆ. ಡೈರೆಕ್ಟ್‌ನಲ್ಲಿ ವಿತರಕರ ಕಮಿಷನ್ ಇಲ್ಲದ್ದರಿಂದ ಖರ್ಚು ಕಡಿಮೆ, ಹೀಗಾಗಿ ಅದರ ಎನ್‌ಎವಿ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ. ಹೆಸರು ಒಂದೇ ಇದ್ದರೂ ಯೋಜನೆಯ ಸಂಕೇತ ಸಂಖ್ಯೆ ಬೇರೆ. ವಿತರಕರ ತಂತ್ರಾಂಶದಲ್ಲಿ ಎನ್‌ಎವಿಯ ಕಾಲಮ್ಮಿಗೆ ಸರಿಯಾದ ಸಂಕೇತವೂ ಮೌಲ್ಯದ ಕಾಲಮ್ಮಿಗೆ ಡೈರೆಕ್ಟ್‌ನ ಸಂಕೇತವೂ ಸೇರಿಕೊಂಡಿದ್ದವು. ಸೋಮವಾರ ಫೋನ್ ಮಾಡಿದಾಗ ಅವರೇ ಪರಿಶೀಲಿಸಿ ಒಪ್ಪಿಕೊಂಡರು. ಹೂಡಿಕೆದಾರರ ಯೂನಿಟ್‌ಗಳ ದಾಖಲೆ ಇಡುವ ರಿಜಿಸ್ಟ್ರಾರ್ ಕಳುಹಿಸಿದ ಏಕೀಕೃತ ವಿವರಪಟ್ಟಿಯಲ್ಲಿ 1,11,020.43 ಎಂದೇ ಇತ್ತು. ಹಣ ಕಳೆದಿರಲಿಲ್ಲ, ಇಲ್ಲದ ಹಣ ಕಾಣಿಸಿತ್ತು.

ನನಗೆ ಸಿಟ್ಟು ಬಂದದ್ದು ಇದಕ್ಕೇ. ಹೆಚ್ಚಿಗೆ ತೋರಿಸಿದ ಅಂಕಿಯ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಹಾಗಾಗಿ ಅದು ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ಪ್ರತಿ ಸಾಲಿನಲ್ಲೂ ಪ್ಲಾನ್‌ನ ಪೂರ್ಣ ಹೆಸರನ್ನೂ ಎನ್‌ಎವಿಯ ದಿನಾಂಕವನ್ನೂ ಮುದ್ರಿಸಿ ಎಂದು ಆ ಕಚೇರಿಗೆ ಬರೆದಿದ್ದೇನೆ. ಅಪ್ಪ ಮೇಲ್ಛಾವಣಿಯ ಅರ್ಧ ಭಾಗವನ್ನಷ್ಟೇ ಈ ಮಳೆಗಾಲಕ್ಕೆ ಮುಂಚೆ ಮಾಡಿಸುತ್ತಿದ್ದಾರೆ.